ಐದನೇ ಕ್ಲಾಸಿಗೆ ಆನ್‌ಲೈನ್ ಸುರಕ್ಷತೆಯ ನಾಟಕ ಆಟ: 'ಕೆಟ್ಟ ಅಂಕಲ್' ಪಾತ್ರ ಯಾರಿಗೆ ಕೊಡೋದು?

ಚಾಕ್‌ಪೀಸ್_ಧೂಳು

ಐದನೇ ಕ್ಲಾಸು, 30 ಮಕ್ಕಳು, ಎಲ್ಲರಿಗೂ ಹತ್ತರ ಆಸುಪಾಸು. ಸ್ವಂತ ಫೋನ್ ಇರೋರು ಕಡಿಮೆ. ಆದರೆ ಸಂಜೆ ಅಮ್ಮನದೋ ಅಣ್ಣನದೋ ಫೋನ್ ಕೈಗೆ ಬರುತ್ತೆ. ಯೂಟ್ಯೂಬ್ ಶಾರ್ಟ್ಸ್, ಗೇಮ್ ಲೈವ್‌ಗಳು, ಫ್ರೀ ಫೈರ್ ಮ್ಯಾಕ್ಸ್, ಆಮೇಲೆ ಹೋಮ್‌ವರ್ಕ್‌ಗೆ ಅಂತ ವಾಟ್ಸಾಪ್. ಶನಿವಾರ ಬೆಳಗ್ಗೆ 40 ನಿಮಿಷ ಸಿಗುತ್ತೆ. ಭಾಷಣ ಬೇಡ, ಪಾತ್ರ ಹಂಚಿ ಆಡಿಸೋಣ ಅಂತ ಇದ್ದೀನಿ.

ತೊಂದರೆ ಏನಂದ್ರೆ, ಸಾಮಾನ್ಯವಾಗಿ ಸಿಗೋ ಸ್ಕ್ರಿಪ್ಟ್‌ನಲ್ಲಿ ಒಬ್ಬ ಹುಡುಗ ಕೆಟ್ಟ ಅಂಕಲ್. ಇದ್ದಿಲಲ್ಲಿ ಮೀಸೆ ಬರೆದುಕೊಂಡು ಬಂದು 'ಪಾಪು, ಫೋಟೋ ಕಳಿಸು' ಅಂತಾನೆ. ಎದುರಿಗಿರೋಳು 'ಬೇಡ ಅಂಕಲ್!' ಅಂತ ಕಿರುಚ್ತಾಳೆ. ಕ್ಲಾಸೆಲ್ಲ ನಗು. ಪ್ರಶ್ನೆ ಕೇಳಿದ್ರೆ 30 ಮಕ್ಕಳೂ ಸರಿ ಉತ್ತರ ಹೇಳ್ತಾರೆ. ಆದರೂ ಏನೋ ಕಲಿತರು ಅಂತ ಅನ್ನಿಸಲ್ಲ. ಆ ಪಾತ್ರ ಯಾರಿಗೆ ಕೊಡಬೇಕು, ಹೇಗೆ ಆಡಿಸಬೇಕು?

ಕರಾವಳಿ_ಅಪ್ಪ

ಮೇಡಂ, ಇದಕ್ಕೆ ನಾಟಕ ಯಾಕೆ? ಮಕ್ಕಳ ಫೋನ್ ಮೇಲೆ ಕಣ್ಣಿಡೋ ಗೂಗಲ್ ಆ್ಯಪ್ ಫ್ಯಾಮಿಲಿ ಲಿಂಕ್ ಹಾಕಿ ಬಿಡಿ. ಯೂಟ್ಯೂಬ್‌ನಲ್ಲಿ ಮಗುವಿನ ಅಕೌಂಟಿಗೆ Explore ಅಂತ ಇಟ್ಟರೆ ಒಂಬತ್ತು ವರ್ಷ ಮೇಲ್ಪಟ್ಟವರಿಗೆ ಹೊಂದೋ ವಿಡಿಯೋ ಮಾತ್ರ ಬರುತ್ತೆ, ಕಾಮೆಂಟೂ ಇರಲ್ಲ, ಲೈವ್ ಚಾಟೂ ಇರಲ್ಲ. ಸಮಸ್ಯೆ ಮುಗೀತು.

ಚಾಕ್‌ಪೀಸ್_ಧೂಳು

ಸರ್, ನಾನು ಕೇಳಿದ್ದು ಸೆಟ್ಟಿಂಗ್ ಅಲ್ಲ, ಕ್ಲಾಸಿನಲ್ಲಿ ಆಡಿಸೋ ಆಟ. ಅದೂ ಅಲ್ಲದೆ ನೀವು ಹೇಳಿದ್ದು ಮಗುವಿಗೇ ಬೇರೆ ಅಕೌಂಟ್ ಇದ್ದಾಗ. ಇಲ್ಲಿ ಬಹಳ ಮಕ್ಕಳು ನೋಡೋದು ಅಮ್ಮನ ಅಕೌಂಟಿನಲ್ಲಿ. ಅದರಲ್ಲಿ ಎಲ್ಲಾನೂ ತೆರೆದೇ ಇರುತ್ತೆ.

ಪರದೆ_ಹಿಂದೆ

ಮೀಸೆಯಲ್ಲೇ ತಪ್ಪು ಇರೋದು. ಚಾಟ್‌ನಲ್ಲಿ ಮುಖ ಇಲ್ಲ, ದನಿ ಇಲ್ಲ, ಮೀಸೆ ಮೊದಲೇ ಇಲ್ಲ. ಬರೋದು ಬರೀ ಅಕ್ಷರ. ಅದೂ 'ನಂಗೂ 11 ವರ್ಷ ಬ್ರೋ' ಅನ್ನೋ ಅಕ್ಷರ. ನಾಟಕದಲ್ಲಿ ಮಕ್ಕಳು ಗುರುತಿಸೋದನ್ನ ಕಲಿತದ್ದು ಮೀಸೆಯನ್ನ, ಗಡಸು ದನಿಯನ್ನ. ನಿಜವಾದ ಚಾಟ್‌ನಲ್ಲಿ ಅವೆರಡೂ ಇಲ್ಲದ್ದರಿಂದ 'ಇವನು ಆ ಥರದವನಲ್ಲ' ಅಂತ ತೀರ್ಮಾನಿಸ್ತಾರೆ. ಅಂದರೆ ಆಟ ತಪ್ಪು ಗುರುತನ್ನ ಕಲಿಸಿ ಕಳಿಸುತ್ತೆ.

ಹಾಗಾಗಿ ಎದುರುಬದುರು ಆಡಿಸಬೇಡಿ. ಚೀಟಿಯಲ್ಲಿ ಆಡಿಸಿ. ಕ್ಲಾಸಿನ ಮೂಲೆಯಲ್ಲಿ ಒಂದು ಹಗ್ಗ ಕಟ್ಟಿ ಹಳೇ ಬೆಡ್‌ಶೀಟ್ ಇಳಿಬಿಡಿ. ಅದರ ಹಿಂದೆ ನೀವು ಕೂತ್ಕೊಳ್ಳಿ. ಮೆಸೇಜು ಚೀಟಿಯಾಗಿ ಹೊರಗೆ ಬರುತ್ತೆ, ಉತ್ತರ ಚೀಟಿಯಾಗಿ ಒಳಗೆ ಹೋಗುತ್ತೆ. ನಡುವೆ ಓಡಾಡೋಕೆ ಮೂವರು ಪೋಸ್ಟ್‌ಮ್ಯಾನ್ ಮಕ್ಕಳು. ಪರದೆಯ ಹಿಂದಿರೋದು ಯಾವಾಗಲೂ ದೊಡ್ಡವರೇ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಆ ಪಾತ್ರವನ್ನ ಯಾವ ಮಗುವಿಗೂ ಕೊಡಬೇಡಿ.

ಉಳಿದ ಮಕ್ಕಳನ್ನ ಮೂವರಂತೆ ಗುಂಪು ಮಾಡಿ. ಒಬ್ಬರ ಕೈಯಲ್ಲಿ ರಟ್ಟಿನ ಫೋನ್. ಒಬ್ಬರು ಅವರ ಬೆನ್ನ ಹಿಂದೆ ನಿಂತು 'ಮನಸ್ಸಿನ ದನಿ', ಅಂದರೆ ಫೋನ್ ಹಿಡಿದವರ ತಲೆಯಲ್ಲಿ ಓಡೋದನ್ನ ಬಾಯಿಬಿಟ್ಟು ಹೇಳೋರು. ಮೂರನೆಯವರು ಸ್ವಲ್ಪ ದೂರದಲ್ಲಿ, ಮನೆಯ ದೊಡ್ಡವರು. ಅವರು ಏನೋ ಕೆಲಸದಲ್ಲಿ ಇರ್ತಾರೆ: ಅಕ್ಕಿ ಆರಿಸ್ತಾ, ಟಿವಿ ನೋಡ್ತಾ.

ಒಂಬತ್ತೂ ಗುಂಪಿಗೆ ಒಂದೇ ಸಾರಿ ಚೀಟಿ ಬರೆದು ಕಳಿಸೋಕೆ ಒಬ್ಬರ ಕೈಲಿ ಆಗಲ್ಲ. ಒಂದು ಗುಂಪು ಮುಂದೆ ಆಡಲಿ, ಉಳಿದವರು ಅದೇ ಚೀಟಿಗೆ ಏನು ಉತ್ತರ ಕೊಡ್ತಿದ್ರು ಅಂತ ಸ್ಲೇಟಿನಲ್ಲಿ ಬರೆದು ಬೋರಲು ಇಟ್ಟುಕೊಳ್ಳಲಿ. ಎತ್ತಿ ತೋರಿಸೋಕೆ ಹೇಳಬೇಡಿ. ತೋರಿಸಬೇಕು ಅಂದ ತಕ್ಷಣ ಎಲ್ಲರೂ ಮೇಡಂಗೆ ಇಷ್ಟವಾಗೋ ಉತ್ತರವನ್ನೇ ಬರೀತಾರೆ.

ಧಾರವಾಡ_ಮಳಿ

ಇಷ್ಟೆಲ್ಲಾ ಯಾಕ ಬೇಕ್ರಿ? ನಮ್ಮ ಮಂದಿ ಹಿಂದಿನಿಂದ ಹೇಳಿಕೋತ ಬಂದದ್ದು ಒಂದ ಮಾತು: ಗುರ್ತಿಲ್ಲದವರ ಜೋಡಿ ಮಾತಾಡಬ್ಯಾಡ. ಫೋನಿಗೂ ಅದ ಸಾಕು. ಮತ್ತ ಅಂಥಾ ಮೆಸೇಜ್ ಬಂತಂದ್ರ ಚಾಟ್ ಪೂರಾ ಅಳಿಸಿ ಬ್ಲಾಕ್ ಮಾಡೋದು. ಅದನ್ನ ನಾಕು ಸಲ ಬಾಯಿಪಾಠ ಮಾಡಿಸ್ರಿ.

ಲಾಗ್‌ಔಟ್

ಬ್ಲಾಕ್ ಮಾಡೋದು ಸರಿ ಸರ್, ಅಳಿಸೋದು ತಪ್ಪು. ಅಳಿಸಿದ ಮೇಲೆ ದೂರು ಕೊಡೋಕೆ ಕೈಯಲ್ಲಿ ಏನೂ ಉಳಿಯಲ್ಲ. ಆ ಕಡೆಯ ನಂಬರು, ಪ್ರೊಫೈಲ್ ಹೆಸರು, ಯಾವತ್ತು ಎಷ್ಟು ಗಂಟೆಗೆ ಏನು ಬರೆದ ಅನ್ನೋದು, ಇವೆಲ್ಲ ಬೇಕು. ವಾಟ್ಸಾಪ್‌ನಲ್ಲಿ ರಿಪೋರ್ಟ್ ಒತ್ತುವಾಗ ಜೊತೆಗೇ ಬ್ಲಾಕ್ ಮಾಡಿ ಚಾಟ್ ಅಳಿಸೋ ಆಯ್ಕೆಯೂ ಎದುರಾಗುತ್ತೆ. ಗಾಬರಿಯಲ್ಲಿ ದೊಡ್ಡವರೇ ಅದಕ್ಕೆ ಹೂಂ ಅಂದುಬಿಡ್ತಾರೆ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಉಳಿದದ್ದು.

ಆದರೆ ಇದು ಯಾವುದೂ ಹತ್ತು ವರ್ಷದ ಮಗುವಿನ ಕೆಲಸ ಅಲ್ಲ. ಆಟದಲ್ಲಿ ಮಗುವಿಗೆ ಬ್ಲಾಕು, ರಿಪೋರ್ಟು, ಸ್ಕ್ರೀನ್‌ಶಾಟು ಅಂತ ಏಳು ಹೆಜ್ಜೆ ಕಲಿಸಿದರೆ ಒಂದೂ ನೆನಪಿರಲ್ಲ. ಮಗುವಿಗೆ ಮೂರೇ ಸಾಕು: ಫೋನ್ ಮಗುಚಿಡು, ಎದ್ದು ಹೋಗು, ಹೇಳು. ಮಗುಚಿಟ್ಟರೆ ಪರದೆ ಕಣ್ಣಿಗೆ ಬೀಳಲ್ಲ, ಏನೂ ಅಳಿಸಿಯೂ ಹೋಗಲ್ಲ. ಹೆದರಿಸೋ ವಿಡಿಯೋ ತಾನಾಗೇ ಓಡಿಕೊಂಡು ಬಂದಾಗಲೂ ಇದೇ ಮೂರು.

ಇನ್ನೊಂದು. ಮಗುವಿನ ಮೈ ಕಾಣೋ ಫೋಟೋ ಏನಾದರೂ ಹೋಗಿದ್ದರೆ ಅಥವಾ ಬಂದಿದ್ದರೆ, ಸಾಕ್ಷಿ ಅಂತ ಅದನ್ನ ಗಂಡನಿಗೆ, ಟೀಚರ್‌ಗೆ, ಗ್ರೂಪಿಗೆ ಫಾರ್ವರ್ಡ್ ಮಾಡಬಾರದು, ಅದರ ಸ್ಕ್ರೀನ್‌ಶಾಟೂ ತೆಗೀಬಾರದು. ಅಂಥ ಚಿತ್ರ ಕಳಿಸೋದು ಐಟಿ ಕಾಯ್ದೆಯ 67ಬಿ ಪ್ರಕಾರ ಅದೇ ಒಂದು ಅಪರಾಧ. ಫೋನನ್ನೇ ಒಯ್ದು ತೋರಿಸಬೇಕು.

ಮಲ್ಲಿಗೆ_ಬಳ್ಳಿ

ಧಾರವಾಡದ ಅಣ್ಣನ ಮೊದಲ ಮಾತಿಗೂ ಒಂದು ತಿದ್ದುಪಡಿ. ನಾನು ಮಕ್ಕಳ ಆಪ್ತಸಮಾಲೋಚನೆಯಲ್ಲಿ ಕೆಲಸ ಮಾಡೋಳು. ಹತ್ತು ವರ್ಷದ ಮಗುವಿನ ಲೆಕ್ಕದಲ್ಲಿ 'ಗುರ್ತಿಲ್ಲದವರು' ಅನ್ನೋ ಪದ ಬಹಳ ಬೇಗ ಕಳಚಿ ಬೀಳುತ್ತೆ. ಮೂರು ದಿನ ಒಟ್ಟಿಗೆ ಗೇಮ್ ಆಡಿದರೆ ಅವನು ಫ್ರೆಂಡ್. ಹೆಸರು ಗೊತ್ತು, ಊರು ಗೊತ್ತು, ಅವನ ನಾಯಿ ಹೆಸರೂ ಗೊತ್ತು. ಆಮೇಲೆ ನಿಮ್ಮ ನಿಯಮ ಅವನಿಗೆ ಅನ್ವಯವಾಗಲ್ಲ. ತೊಂದರೆ ಕೊಡೋರು ನಿಜವಾಗಲೂ ಗುರುತಿನವರೇ ಆಗಿರೋದೂ ಉಂಟು: ಟ್ಯೂಷನ್ನಿನ ದೊಡ್ಡ ಹುಡುಗ, ದೂರದ ನೆಂಟ.

ಅದಕ್ಕೇ ಆಟ ನಿಲ್ಲಬೇಕಾದದ್ದು 'ಯಾರು' ಅನ್ನೋದರ ಮೇಲಲ್ಲ, 'ಏನು ಕೇಳಿದ' ಅನ್ನೋದರ ಮೇಲೆ. ಮೂರು ಕೇಳಿಕೆ ಸಾಕು. 'ಬೇರೆ ಆ್ಯಪ್‌ಗೆ ಬಾ.' 'ಇದು ನಮ್ಮಿಬ್ಬರ ಗುಟ್ಟು, ಯಾರಿಗೂ ಹೇಳಬೇಡ.' 'ಫೋಟೋ, ಓಟಿಪಿ, ಪಾಸ್‌ವರ್ಡ್ ಕಳಿಸು.' ಇದರಲ್ಲಿ ಯಾವುದು ಬಂದರೂ, ಕೇಳಿದ್ದು ಸ್ವಂತ ಅಣ್ಣನೇ ಆದರೂ, ಫೋನ್ ಮಗುಚಿ ಏಳಬೇಕು.

ಧಾರವಾಡ_ಮಳಿ

ಅಳಿಸೋದರ ಮಾತು ಒಪ್ಪಿದೆ. ಆದ್ರ ಓಟಿಪಿ ಅಂತೀರಿ, ಮನ್ಯಾಗ ಅವ್ವನ ಕೈಯಾಗ ಹಿಟ್ಟು ಹತ್ತಿರತೈತಿ, 'ಓಟಿಪಿ ನೋಡಿ ಹೇಳು ತಮ್ಮಾ' ಅಂತಾಳ. ಆಗ ಹುಡುಗ ಫೋನ್ ಮಗುಚಿ ಕುಂಡ್ರಬೇಕೇನ್ರಿ?

ಮಲ್ಲಿಗೆ_ಬಳ್ಳಿ

ಚೆನ್ನಾಗಿ ಹಿಡಿದ್ರಿ. ಅಮ್ಮ ಎದುರಿಗೆ ನಿಂತು ಕೇಳಿದರೆ ಅದು ಮೆಸೇಜ್ ಅಲ್ಲ. ಪರದೆ ಮೇಲೆ ಅಥವಾ ಫೋನ್ ಕರೆಯಲ್ಲಿ ಕೇಳಿದರೆ ಮಾತ್ರ ಅಂತ ಆಟದ ನಿಯಮದಲ್ಲೇ ಸೇರಿಸಿ. ಮಕ್ಕಳು ಈ ಸಂದಿನ ಪ್ರಶ್ನೆಗಳನ್ನ ಖಂಡಿತ ಕೇಳ್ತಾರೆ.

ಚಾಕ್‌ಪೀಸ್_ಧೂಳು

ಪರದೆ_ಹಿಂದೆ ಅವರೇ, ಚೀಟಿಗಳಲ್ಲಿ ಏನು ಬರೀಬೇಕು? ಒಂದು ಸಾರಿ ಪೂರ್ತಿ ಆಡಿ ತೋರಿಸ್ತೀರಾ?

ಪರದೆ_ಹಿಂದೆ

ಏಳು ಚೀಟಿ. ಸನ್ನಿವೇಶ: ಮಗು ಗೇಮ್ ಲೈವ್ ನೋಡ್ತಾ ಕಾಮೆಂಟ್ ಹಾಕಿದೆ. ಅಲ್ಲಿಂದ ಒಬ್ಬ ಮಾತಿಗೆ ಸಿಗ್ತಾನೆ. ಮಗುವಿಗೆ ಆಟದ ಹೆಸರು ಕೊಡಿ, ಸ್ವಂತ ಹೆಸರು ಬೇಡ. ಇಲ್ಲಿ 'ಚಿಂಟು' ಅನ್ನೋಣ.

ಮೊದಲನೇ ಚೀಟಿ: 'ಚಿಂಟು ಬ್ರೋ ನಿನ್ನ ಕಾಮೆಂಟ್ ಸಖತ್ 😂 ನೀನೂ ಆಡ್ತೀಯಾ?' ಇದರಲ್ಲಿ ಏನೂ ತಪ್ಪಿಲ್ಲ, ತಪ್ಪು ಇರಲೂಬಾರದು. ಮೊದಲ ಚೀಟಿಯಿಂದಲೇ ಮಕ್ಕಳು 'ಕೆಟ್ಟವನು, ಕೆಟ್ಟವನು' ಅಂತ ಕೂಗಿದರೆ ಆಟ ಕೆಟ್ಟಿತು ಅಂತ ತಿಳ್ಕೊಳ್ಳಿ. ಉತ್ತರ ಬರೀಲಿ ಬಿಡಿ.

ಎರಡನೇದು: 'ನಂಗೆ 11. ನಮ್ಮ ಕ್ಲಾಸಲ್ಲಿ ಯಾರೂ ಚೆನ್ನಾಗಿ ಆಡಲ್ಲ. ನೀನು ಪ್ರೋ.' ಹೊಗಳಿಕೆ. ಈ ಹೊತ್ತಿಗೆ ಮನಸ್ಸಿನ ದನಿ ಏನು ಹೇಳುತ್ತೆ ಕೇಳಿ. ಸಾಮಾನ್ಯವಾಗಿ 'ಖುಷಿ ಆಯ್ತು' ಅನ್ನುತ್ತೆ. ಅದನ್ನ ತಿದ್ದಬೇಡಿ. ಖುಷಿ ಆಗುತ್ತೆ ಅನ್ನೋದು ಮಕ್ಕಳಿಗೆ ಗೊತ್ತಿರಬೇಕಾದ ವಿಷಯವೇ.

ಮೂರನೇದು: 'ನಾನು ದಾವಣಗೆರೆ, ನಮ್ಮ ಸ್ಕೂಲ್ ರೈಲ್ವೆ ಸ್ಟೇಷನ್ ಹತ್ರ. ನಿಂದು?' ಬಹಳ ಮಕ್ಕಳು ಜಾರೋದು ಇಲ್ಲೇ. ಅವನು ತಾನೇ ಮೊದಲು ಹೇಳಿದ. ಕೊಟ್ಟವರಿಗೆ ಕೊಡಬೇಕು ಅನ್ನೋದು ನಾವೇ ಕಲಿಸಿದ ಮರ್ಯಾದೆ. 'ಸ್ಕೂಲ್ ಹೆಸರು ಹೇಳಬಾರದು' ಅಂತ ಬಾಯಿಪಾಠ ಇದ್ದ ಮಗುವೂ ಇಲ್ಲಿ ಬರೆದುಬಿಡುತ್ತೆ. ಬರೆದರೆ ಆಟ ನಿಲ್ಲಿಸಬೇಡಿ, ಬೈಬೇಡಿ. ಚೀಟಿ ತಗೊಂಡು ಪರದೆ ಹಿಂದೆ ಇಟ್ಟುಕೊಳ್ಳಿ. ಮುಂದೆ ಅದು ಬೇಕು.

ನಾಲ್ಕನೇದು: 'ನಮ್ಮಣ್ಣನ ಹತ್ರ ಫ್ರೀ ಡೈಮಂಡ್ ಇದೆ, ನಿಂಗೆ 500 ಹಾಕಿಸ್ತೀನಿ. ಇಲ್ಲಿ ಆಗಲ್ಲ, ವಾಟ್ಸಾಪ್ ಬಾ.' ಡೈಮಂಡ್ ಅಂದರೆ ಗೇಮಿನೊಳಗಿನ ದುಡ್ಡು. ಮೊದಲ ಕೇಳಿಕೆ ಬಂತು. ಚಿಂಟು ಇಲ್ಲೇ ಫೋನ್ ಮಗುಚಿ ಎದ್ದರೆ ಆಟ ಅಲ್ಲಿಗೇ ಹೇಳೋ ಭಾಗಕ್ಕೆ ಹೋಗಲಿ. ಏಳದಿದ್ದರೆ ಮುಂದಿನ ಚೀಟಿ.

ಐದನೇದು: 'ಇದು ಗುಟ್ಟು ಆಯ್ತಾ. ಅಮ್ಮಂಗೆ ಗೊತ್ತಾದ್ರೆ ಗೇಮೇ ಡಿಲೀಟ್ ಮಾಡ್ತಾರೆ.'

ಆರನೇದು: 'ನೀನು ಹುಡುಗ ಅಂತ ನಂಬಿಕೆ ಬರಲಿ, ಒಂದು ಫೋಟೋ ಕಳಿಸು.' ಇಲ್ಲಿ ಮುಖದ ಫೋಟೋ ಸಾಕು. ಇದಕ್ಕಿಂತ ಮುಂದಿನದ್ದನ್ನ ಐದನೇ ಕ್ಲಾಸಿನ ಆಟದಲ್ಲಿ ಬರೀಬಾರದು. ಮಗುವಿಗೆ ಗೊತ್ತಿಲ್ಲದ ಕೇಡನ್ನ ನಾವೇ ಪರಿಚಯ ಮಾಡಿಸಿದ ಹಾಗಾಗುತ್ತೆ. ಮುಖದ ಫೋಟೋಗೆ ಎದ್ದು ಬರೋ ಮಗು ಉಳಿದದ್ದಕ್ಕೂ ಎದ್ದು ಬರುತ್ತೆ.

ಏಳನೇದು: 'ನಿನ್ನ ಸ್ಕೂಲ್ ಗೊತ್ತು, ಫೋಟೋ ನನ್ನ ಹತ್ರ ಇದೆ. ಇನ್ನೊಂದು ಕಳಿಸದೆ ಇದ್ರೆ ನಿಮ್ಮಮ್ಮಂಗೆ ಎಲ್ಲಾ ಹೇಳ್ತೀನಿ.' ಮೂರನೇ ಚೀಟಿಗೆ ಮಗು ಬರೆದ ಉತ್ತರವನ್ನ ಈ ಚೀಟಿಯ ಜೊತೆ ಪಿನ್ ಮಾಡಿ ಕಳಿಸಿ. ತನ್ನ ಅಕ್ಷರ ತನಗೇ ವಾಪಸ್ ಬಂದಾಗ ಕ್ಲಾಸು ತಾನಾಗೇ ಸುಮ್ಮನಾಗುತ್ತೆ. ಆ ಮೌನವನ್ನ ಎಳೆದಾಡಬೇಡಿ, ಹತ್ತು ಸೆಕೆಂಡ್ ಸಾಕು. ತಕ್ಷಣ 'ಈಗಲೂ ತಡ ಆಗಿಲ್ಲ, ಚಿಂಟು, ಫೋನ್ ಮಗುಚು' ಅಂತ ಪರದೆ ಸರಿಸಿ ನೀವೇ ಹೊರಗೆ ಬನ್ನಿ.

ಸಮಯ ಹೀಗೆ ಹಂಚಬಹುದು: ಪಾತ್ರ, ನಿಯಮ ಹೇಳೋಕೆ 5 ನಿಮಿಷ, ಚೀಟಿಗೆ 15, ಹೇಳೋ ಭಾಗಕ್ಕೆ 15, ಪಾತ್ರ ಕಳಚೋಕೆ 5.

ಅಜ್ಜಿಮನೆ

'ಅಮ್ಮಂಗೆ ಹೇಳ್ತೀನಿ' ಅನ್ನೋದು ಓದಿ ಕೈ ತಣ್ಣಗಾಯ್ತು. ನಮ್ಮನೆ ವಿಷಯ ಕೇಳ್ತೀನಿ. ಮಗಳಿಗೆ ಹತ್ತು. ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ, ಸಂಜೆ ಏಳರವರೆಗೆ ಅತ್ತೆ ಜೊತೆ, ಅತ್ತೆಯ ಫೋನಿನಲ್ಲೇ ವಿಡಿಯೋ ನೋಡ್ತಾಳೆ. ಅವರಿಗೆ ಚಾಟ್ ಅಂದ್ರೇನೇ ಗೊತ್ತಿಲ್ಲ. ಮಗಳು ಎದ್ದು ಹೋಗಿ ಹೇಳಬೇಕಾದ್ದು ಯಾರಿಗೆ?

ಮಲ್ಲಿಗೆ_ಬಳ್ಳಿ

ಅಜ್ಜಿಗೇ ಹೇಳಲಿ ಅಕ್ಕ. ಚಾಟ್ ಅಂದರೆ ಏನು ಅಂತ ಅವರಿಗೆ ಗೊತ್ತಿರಬೇಕಾಗಿಲ್ಲ. ಅವರು ಮಾಡಬೇಕಾದ್ದು ಎರಡೇ: ಫೋನನ್ನ ಮಗುಚಿದ ಹಾಗೇ ತೆಗೆದು ಮೇಲಿಡೋದು, ನೀವು ಬರೋವರೆಗೂ ಮಗುವನ್ನ ಪಕ್ಕದಲ್ಲಿ ಕೂರಿಸಿಕೊಳ್ಳೋದು. ಇದನ್ನ ಅಜ್ಜಿ ಮೊಮ್ಮಗಳು ಸೇರಿ ನಾಲ್ಕು ಸಾರಿ ಆಡಲಿ. ನಿಜವಾಗಿ ಎದ್ದು, ನಡೆದು, ಅಡುಗೆಮನೆವರೆಗೆ ಹೋಗಿ. ಬಾಯಲ್ಲಿ ಹೇಳಿದ್ದು ಬೇರೆ, ಕಾಲಿಗೆ ಅಭ್ಯಾಸ ಆದದ್ದು ಬೇರೆ. ಬರೀ ಕೇಳಿಸಿಕೊಂಡ ಮಗು ಪ್ರಶ್ನೆಗೆ ಸರಿ ಉತ್ತರ ಕೊಡುತ್ತೆ, ಆದರೆ ಆ ಗಳಿಗೆಯಲ್ಲಿ ಕೂತಲ್ಲೇ ಕೂತಿರುತ್ತೆ.

ಒಬ್ಬರ ಹೆಸರು ಮಾತ್ರ ಸಾಲದು. ಮೂವರ ಹೆಸರು ಮಗುವೇ ಆರಿಸಲಿ, ಅದರಲ್ಲಿ ಒಬ್ಬರಾದರೂ ಮನೆಯ ಹೊರಗಿನವರು. ಮಗು ಅಪ್ಪನ ಹೆಸರು ಹೇಳದೆ ಚಿಕ್ಕಮ್ಮನ ಹೆಸರು ಹೇಳಿದರೆ 'ಯಾಕೆ ಅಪ್ಪ ಬೇಡ್ವಾ' ಅಂತ ಕೇಳಬೇಡಿ. ಯಾರೂ ಸಿಗದಿದ್ದರೆ 1098, ಮಕ್ಕಳ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತೆ, ದುಡ್ಡು ಕಟ್ಟಾಗಲ್ಲ. ರಟ್ಟಿನ ಫೋನಿನಲ್ಲಿ ಆ ನಾಲ್ಕು ಅಂಕಿ ಒತ್ತೋದನ್ನೂ ಆಟದಲ್ಲಿ ಸೇರಿಸಿ.

ಈಗ ಮುಖ್ಯ ಮಾತು. ಏಳನೇ ಚೀಟಿಯ ಬಲ ಎಲ್ಲಿಂದ ಬರುತ್ತೆ ನೋಡಿ. ಅವನ ಹತ್ತಿರ ಬೇರೆ ಆಯುಧ ಏನೂ ಇಲ್ಲ. ನಮ್ಮ ಬೈಗುಳವೇ ಅವನ ಆಯುಧ. ಮಗು ಹೇಳದೆ ಇರೋದಕ್ಕೆ ಕಾರಣ ಅವನ ಭಯ ಅಲ್ಲ, 'ಯಾಕೆ ಮಾತಾಡ್ದೆ, ಕೊಡು ಫೋನ್' ಅನ್ನೋ ನಮ್ಮ ಭಯ. ಹಾಗಾಗಿ ಈ ಆಟದಲ್ಲಿ ತಾಲೀಮು ಬೇಕಾಗಿರೋ ಪಾತ್ರ ದೊಡ್ಡವರದ್ದು. ಪರದೆ ಹಿಂದಿನವನದ್ದು ಆಮೇಲಿನ ಮಾತು.

ಕ್ಲಾಸಿನಲ್ಲಿ ಅಮ್ಮನ ಪಾತ್ರ ಮಾಡೋ ಮಗುವಿಗೆ ಏನೂ ಹೇಳಿಕೊಡದೆ ಬಿಟ್ಟು ನೋಡಿ. ಸೆರಗು ಸಿಕ್ಕಿಸಿ, ಕೈ ಎತ್ತಿ, 'ಅಯ್ಯೋ ಪಾಪಿ, ಇದಕ್ಕೇನಾ ನಿಂಗೆ ಫೋನ್ ಕೊಟ್ಟಿದ್ದು' ಅಂತ ಶುರು. ಕ್ಲಾಸೆಲ್ಲ ನಗುತ್ತೆ, ಯಾಕಂದ್ರೆ ಅದು ಎಲ್ಲರಿಗೂ ಗೊತ್ತಿರೋ ಸಂಭಾಷಣೆ. ಆ ದೃಶ್ಯವನ್ನ ಒಂದೇ ಸಾರಿ ಆಡಿಸಿ ನಿಲ್ಲಿಸಿ. 'ಮನಸ್ಸಿನ ದನಿ, ಮುಂದಿನ ಸಲ ಹೇಳ್ತೀಯಾ?' ಅಂತ ಕೇಳಿ. 'ಇಲ್ಲ' ಅನ್ನುತ್ತೆ. ಆಮೇಲೆ ಎರಡನೇ ಥರ ಆಡಿಸಿ. ದೊಡ್ಡವರಿಗೆ ನಾಲ್ಕೇ ವಾಕ್ಯ: 'ಹೇಳಿದ್ದು ಒಳ್ಳೇದಾಯ್ತು. ನಿನ್ನ ಮೇಲೆ ಸಿಟ್ಟಿಲ್ಲ. ಹೇಳಿದ್ದಕ್ಕೆ ಫೋನ್ ಕಿತ್ಕೊಳ್ಳಲ್ಲ. ಬಾ, ಇಬ್ಬರೂ ಸೇರಿ ನೋಡೋಣ.'

ಮಗುವಿಗೂ ಶುರುವಿಗೊಂದು ವಾಕ್ಯ ಕೊಡಿ, ಯಾಕಂದ್ರೆ ಬಾಯಿ ತೆರೆಯೋದೇ ಕಷ್ಟ. 'ಅಮ್ಮಾ, ಫೋನಲ್ಲಿ ಏನೋ ಆಯ್ತು, ಬೈಬೇಡ.' ಇಷ್ಟು ಸಾಕು. ಪೂರ್ತಿ ಕಥೆ ಒಂದೇ ಉಸಿರಿಗೆ ಹೇಳಬೇಕಾಗಿಲ್ಲ.

ಕರಾವಳಿ_ಅಪ್ಪ

ಇದನ್ನ ಒಪ್ಪೋದು ಕಷ್ಟ. ಫೋನ್ ಕಿತ್ಕೊಳ್ಳಲ್ಲ ಅಂತ ಮಾತು ಕೊಟ್ಟರೆ, ನಾಳೆ ರಾತ್ರಿ ಹನ್ನೊಂದರವರೆಗೆ ನೋಡಿಕೊಂಡು ಕೂತು 'ಅಪ್ಪಾ, ನಾನೇ ಹೇಳ್ತಿದ್ದೀನಲ್ಲ' ಅಂತಾನೆ.

ಮಲ್ಲಿಗೆ_ಬಳ್ಳಿ

ಮಾತು ಕೊಟ್ಟಿದ್ದು 'ಹೇಳಿದ್ದಕ್ಕೆ' ಕಿತ್ಕೊಳ್ಳಲ್ಲ ಅಂತ. ಎಂಟು ಗಂಟೆಗೆ ಫೋನ್ ವಾಪಸ್ ಅನ್ನೋ ನಿಯಮ ಮೊದಲಿಂದ ಇದ್ದರೆ ಅದು ಹಾಗೇ ಇರಲಿ. ಹೇಳಿದ ದಿನ ಹೊಸ ಶಿಕ್ಷೆ ಹುಟ್ಟಬಾರದು, ಅಷ್ಟೇ. ಸಮಯದ ಜಗಳವನ್ನೂ ಸುರಕ್ಷತೆಯ ಮಾತನ್ನೂ ಒಂದೇ ಸಂಜೆ ಕಲೆಸಿದರೆ ಮಗು ಎರಡನ್ನೂ ಮುಚ್ಚಿಡುತ್ತೆ. ಆ ಆ್ಯಪ್ ಸ್ವಲ್ಪ ದಿನ ನಿಲ್ಲಿಸಲೇಬೇಕು ಅಂತಾದರೆ, ಯಾಕೆ, ಎಷ್ಟು ದಿನ ಅಂತ ಹೇಳಿ ನಿಲ್ಲಿಸಿ.

ಕರಾವಳಿ_ಅಪ್ಪ

ಹೇಳೋಕೆ ಸುಲಭ. ನೋಡೋಣ.

ರಂಗದ_ರಂಗ

ಪರದೆ_ಹಿಂದೆ ಅವರ ಒಂದು ಮಾತಿಗೆ ನನ್ನ ವಿರೋಧ ಇದೆ. ಮೋಸಗಾರನ ಪಾತ್ರ ಮಕ್ಕಳಿಗೆ ಯಾಕೆ ಕೊಡಬಾರದು? ಚೀಟಿ ತಾವೇ ಬರೆದಾಗಲೇ ಅದರ ಕೈಚಳಕ ಗೊತ್ತಾಗೋದು. ಹೊಗಳೋದು, ಗುಟ್ಟು ಮಾಡೋದು, ಹೆದರಿಸೋದು, ಈ ಮೂರನ್ನ ಬರೆದ ಕೈ ಮುಂದೆ ಓದಿದಾಗ ಗುರುತು ಹಿಡಿಯುತ್ತೆ. ರಾವಣನ ವೇಷ ಹಾಕಿದ ಹುಡುಗ ರಾವಣ ಆಗಲ್ಲವಲ್ಲ.

ಪರದೆ_ಹಿಂದೆ

ರಾವಣನ ವೇಷ ಸರಿ, ಲಂಕೆ ದೂರ ಇದೆ. ಈ ಪಾತ್ರ ಪಕ್ಕದ ಬೆಂಚಿನಲ್ಲೇ ಕೂರುತ್ತೆ. ಎರಡು ಕಾರಣಕ್ಕೆ ಬೇಡ ಅಂದದ್ದು. ಒಂದು, ಆ ಪಾತ್ರ ಮಾಡಿದ ಹುಡುಗನಿಗೆ ಆ ಹೆಸರು ಅಂಟಿಕೊಳ್ಳುತ್ತೆ, ಊಟದ ಬೆಲ್ಲಿನಲ್ಲಿ 'ಏ ಡೈಮಂಡ್ ಅಂಕಲ್' ಅಂತ ಕರೆಯೋಕೆ ಶುರು. ಎರಡು, ಕ್ಲಾಸಿನಲ್ಲಿ ಯಾವುದೋ ಮಗುವಿಗೆ ನಿಜವಾಗಲೂ ಇಂಥದ್ದು ಆಗಿದ್ದರೆ, ಅದು ಎದುರಿಗೆ ಕೂತು ತನ್ನ ಗೆಳೆಯನ ಬಾಯಲ್ಲೇ ಆ ಮಾತು ಕೇಳಬೇಕಾಗುತ್ತೆ.

ರಂಗದ_ರಂಗ

ಎರಡನೇ ಕಾರಣ ಒಪ್ಪಿದೆ. ಆದರೆ ಫೋಟೋ, ಬೆದರಿಕೆ ಇಲ್ಲದ ಸನ್ನಿವೇಶಕ್ಕೆ, ಬರೀ 'ಫ್ರೀ ಡೈಮಂಡ್, ಪಾಸ್‌ವರ್ಡ್ ಕೊಡು' ಅನ್ನೋ ದುಡ್ಡಿನ ಮೋಸಕ್ಕೆ, ಮಕ್ಕಳಿಂದಲೇ ಚೀಟಿ ಬರೆಸಬಹುದು ಅಂತ ಈಗಲೂ ಹೇಳ್ತೀನಿ. ಅದರಲ್ಲಿ ನಗು ಇದ್ದರೂ ನಷ್ಟ ಇಲ್ಲ.

ಪರದೆ_ಹಿಂದೆ

ದುಡ್ಡಿನದ್ದಕ್ಕೆ ಯೋಚಿಸಬಹುದು. ನಾನಾದರೆ ಅಲ್ಲೂ ಗುಂಪಾಗಿ ಬರೆಸ್ತೀನಿ, ಒಬ್ಬರ ಹೆಸರಿಗೆ ಅಂಟದ ಹಾಗೆ.

ಲಾಗ್‌ಔಟ್

ದುಡ್ಡಿನ ಆಟ ಮಾಡಿಸೋರು ಒಂದು ವಿವರ ಸರಿಯಾಗಿ ಬರೀರಿ. ಗೇಮಿನ ಯುಐಡಿ, ಅಂದರೆ ಆಟಗಾರನ ಗುರುತಿನ ನಂಬರು, ಗುಟ್ಟಿನದ್ದಲ್ಲ, ಪ್ರೊಫೈಲ್‌ನಲ್ಲೇ ಕಾಣುತ್ತೆ. 'ಯುಐಡಿ ಕೊಟ್ಟರೆ ಎಲ್ಲಾ ಹೋಯ್ತು' ಅಂತ ಕಲಿಸಿದರೆ ಮಕ್ಕಳು ನಕ್ಕುಬಿಡ್ತಾರೆ, ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಮೋಸಗಾರ ಯುಐಡಿ ಕೇಳೋದು ನಂಬಿಕೆ ಬರಿಸೋಕೆ. ಅವನಿಗೆ ಬೇಕಾಗಿರೋದು ಆ ಗೇಮಿಗೆ ಕಟ್ಟಿರೋ ಗೂಗಲ್ ಅಥವಾ ಫೇಸ್‌ಬುಕ್ ಲಾಗಿನ್ನಿನ ಪಾಸ್‌ವರ್ಡು, ಅಮ್ಮನ ಫೋನಿಗೆ ಬರೋ ಓಟಿಪಿ.

ಯುಪಿಐ ಚೀಟಿಯೂ ಒಂದಿರಲಿ: 'ನಿಂಗೆ 500 ರೂಪಾಯಿ ಗೆದ್ದಿದೆ, ತಗೊಳ್ಳೋಕೆ ಪಿನ್ ಹಾಕು.' ದುಡ್ಡು ಬರೋಕೆ ಪಿನ್ ಬೇಕಾಗಲ್ಲ, ಹೋಗೋಕೆ ಮಾತ್ರ ಬೇಕು. ಹತ್ತು ವರ್ಷದವರಿಗೆ ಇದು ಒಂದೇ ಸಾರಿಗೆ ಅರ್ಥ ಆಗುತ್ತೆ, ಮನೆಗೆ ಹೋಗಿ ಅಜ್ಜನಿಗೂ ಹೇಳಿಕೊಡ್ತಾರೆ. ನಿಜವಾಗಲೂ ದುಡ್ಡು ಹೋಗಿದ್ದರೆ ದೊಡ್ಡವರು ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ದುಡ್ಡು ಇನ್ನೂ ಅಕೌಂಟಿಂದ ಅಕೌಂಟಿಗೆ ಓಡ್ತಿರುವಾಗಲೇ ತಡೆಯೋಕೆ ನೋಡೋದು, ಅದಕ್ಕೇ ಅವಸರ. ಬೆದರಿಕೆ, ಫೋಟೋ ಇಂಥದ್ದಕ್ಕೆ cybercrime.gov.in, ಇಲ್ಲ ಹತ್ತಿರದ ಠಾಣೆ.

ಧಾರವಾಡ_ಮಳಿ

ಮತ್ತ ಕಲತಾರೋ ಇಲ್ಲೋ ಹೆಂಗ ತಿಳೀಬೇಕ್ರಿ? ನನಗನಿಸ್ತದ, ಯಾವುದರ ಹೊಸ ನಂಬರಿಂದ ಹುಡುಗ್ರಿಗೆ ಖರೇನ ಒಂದು ಮೆಸೇಜ್ ಹಾಕಿ ನೋಡಬೇಕು. ಆಗ ಗೊತ್ತಾಗ್ತದ ಬಂಡವಾಳ.

ಮಲ್ಲಿಗೆ_ಬಳ್ಳಿ

ಅದು ಬೇಡವೇ ಬೇಡ ಅಣ್ಣ. ಮೇಡಮ್ಮೇ ಸುಳ್ಳು ಹೆಸರಲ್ಲಿ ಮೆಸೇಜ್ ಹಾಕಿದ್ರು ಅಂತ ಗೊತ್ತಾದ ದಿನ, ಹೇಳಿಕೊಳ್ಳೋಕೆ ಇದ್ದ ದೊಡ್ಡವರಲ್ಲಿ ಒಬ್ಬರು ಕಮ್ಮಿ ಆಗ್ತಾರೆ. ಮಗುವಿಗೆ ಅಪರಿಚಿತನ ಸೋಗಿನಲ್ಲಿ ಮೆಸೇಜ್ ಕಳಿಸಿದರೆ ಮನೆಯವರು ದೂರು ಕೊಟ್ಟರೂ ಆಶ್ಚರ್ಯ ಇಲ್ಲ.

ಆದರೆ ನಿಮ್ಮ ಪ್ರಶ್ನೆ ಸರಿಯಾಗಿದೆ. ಆಟ ಅಂತ ಗೊತ್ತಿದ್ದಾಗ ಎಲ್ಲರೂ ಸರಿಯಾಗೇ ಆಡ್ತಾರೆ. ಅದಕ್ಕೆ ನೇರಳೆ ಚೀಟಿ ಅಂತ ಒಂದು ದಾರಿ ಇದೆ. ಶನಿವಾರವೇ ಎಲ್ಲರಿಗೂ ಹೇಳಿಬಿಡಿ: 'ಮುಂದಿನ ವಾರ ಯಾವತ್ತಾದರೂ ನಿಮ್ಮ ಪುಸ್ತಕದಲ್ಲೋ ಚೀಲದಲ್ಲೋ ಒಂದು ನೇರಳೆ ಚೀಟಿ ಸಿಗುತ್ತೆ. ಅದರಲ್ಲಿ ಮೂರು ಕೇಳಿಕೆಗಳಲ್ಲಿ ಒಂದು ಇರುತ್ತೆ. ಸಿಕ್ಕಾಗ ಏನು ಮಾಡಬೇಕು ಗೊತ್ತಲ್ಲ.' ಮೋಸ ಇಲ್ಲ, ಆದರೆ ಯಾವತ್ತು ಅಂತ ಗೊತ್ತಿಲ್ಲ. ದಿನಕ್ಕೆ ಆರು ಮಕ್ಕಳಂತೆ ಇಟ್ಟರೆ ಐದು ದಿನಕ್ಕೆ 30 ಆಯ್ತು. ಚೀಟಿ ಮಗುಚಿ, ಎದ್ದು, ಯಾರಾದರೂ ಒಬ್ಬ ದೊಡ್ಡವರಿಗೆ ಅವತ್ತೇ ತೋರಿಸಿ ಸಹಿ ಹಾಕಿಸಿಕೊಂಡು ಬಂದರೆ ಆಯ್ತು.

ಎಷ್ಟು ಚೀಟಿ ಅವತ್ತೇ ಬಂತು, ಎಷ್ಟು ಬರಲೇ ಇಲ್ಲ ಅಂತ ಬರೆದಿಟ್ಟುಕೊಳ್ಳಿ. ಬಾರದ ಮಕ್ಕಳನ್ನ ಎಲ್ಲರ ಮುಂದೆ ಕೇಳಬೇಡಿ. ಒಬ್ಬೊಬ್ಬರನ್ನೇ ಕೇಳಿದರೆ ಕಾರಣ ಎರಡು ಥರ ಬರುತ್ತೆ. 'ಮರೆತೆ' ಅಂದರೆ ಇನ್ನೊಂದು ಸಾರಿ ಆಡಿಸಬೇಕು. 'ಯಾರಿಗೆ ತೋರಿಸಲಿ' ಅಂದರೆ ಆ ಮನೆಯ ವಿಷಯ ಬೇರೆ. ಆಟ ಅದನ್ನ ಸರಿಮಾಡಲ್ಲ, ನೀವು ಆ ಮಗುವಿನ ಮೂರು ಹೆಸರಲ್ಲಿ ಒಬ್ಬರಾಗಬೇಕಾಗಬಹುದು.

ಚಾಕ್‌ಪೀಸ್_ಧೂಳು

ಒಂದು ಹೆದರಿಕೆ ಇದೆ. ಆಟದ ಮಧ್ಯೆ ಯಾವುದಾದರೂ ಮಗು 'ಮೇಡಂ, ನಂಗೂ ಹೀಗೇ ಒಬ್ರು ಮೆಸೇಜ್ ಹಾಕ್ತಾರೆ' ಅಂದುಬಿಟ್ಟರೆ?

ಮಲ್ಲಿಗೆ_ಬಳ್ಳಿ

ಅನ್ನಬಹುದು, ಅದಕ್ಕೆ ಮೊದಲೇ ತಯಾರಿರಿ. ಎಲ್ಲರ ಮುಂದೆ ಮುಂದುವರಿಸಬೇಡಿ. 'ಹೇಳಿದ್ದು ಒಳ್ಳೇದಾಯ್ತು, ಬೆಲ್ ಆದಮೇಲೆ ನಾವಿಬ್ಬರೇ ಕೂತು ಮಾತಾಡೋಣ' ಅನ್ನಿ, ಬೆಲ್ ಆದ ಕೂಡಲೇ ಮಾತಾಡಿ, ನಾಳೆಗೆ ಇಡಬೇಡಿ. ಮಗು ಹೇಳಿದ್ದನ್ನ ಅದರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ಮತ್ತೆ ಮತ್ತೆ ಕೇಳಿ ಕೆದಕಬೇಡಿ. 'ಯಾರಿಗೂ ಹೇಳಲ್ಲ' ಅಂತ ಮಾತು ಮಾತ್ರ ಕೊಡಬೇಡಿ. ಲೈಂಗಿಕವಾದದ್ದು ಅಂತ ಅನ್ನಿಸಿದರೆ ಪೋಕ್ಸೊ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸೋದು ಕಡ್ಡಾಯ, ತಿಳಿಸದೆ ಇದ್ದರೆ 21ರಲ್ಲಿ ಶಿಕ್ಷೆ ಇದೆ. ಶಾಲೆಯ ಹೆಸರು ಕೆಡುತ್ತೆ ಅನ್ನೋದು ಅಲ್ಲಿ ನೆಪ ಆಗಲ್ಲ. ಶನಿವಾರಕ್ಕೆ ಮೊದಲೇ ಹೆಡ್‌ಮಾಸ್ಟರ್ ಹತ್ತಿರ ಈ ಮಾತು ಆಡಿಟ್ಟುಕೊಳ್ಳಿ.

ಅಜ್ಜಿಮನೆ

ಪಾತ್ರ ಕಳಚೋಕೆ 5 ನಿಮಿಷ ಅಂದಿದ್ರಿ. ಅದು ಏನು? ಮನೆಯಲ್ಲಿ ಆಡಿದರೂ ಬೇಕಾ?

ಪರದೆ_ಹಿಂದೆ

ಬೇಕು, ಮನೆಯಲ್ಲಿ ಇನ್ನೂ ಬೇಕು, ಯಾಕಂದ್ರೆ ಅಲ್ಲಿ ಪರದೆ ಹಿಂದೆ ಕೂತೋರು ಅಮ್ಮನೋ ಅಪ್ಪನೋ. ಬೆಡ್‌ಶೀಟ್ ಬಿಚ್ಚಿ ಮಗುವಿನ ಕೈಲೇ ಮಡಿಸಿ. ಬೆದರಿಕೆಯ ಚೀಟಿಯನ್ನ ಮಗುವೇ ಹರಿದು ಕಸದ ಬುಟ್ಟಿಗೆ ಹಾಕಲಿ. ಆಟದ ಚೀಟಿ ತಾನೇ, ಲಾಗ್‌ಔಟ್ ಅವರು ಸಾಕ್ಷಿ ಅಂತ ಸಿಟ್ಟಾಗಬಾರದು. 'ನಾನು ಚಿಂಟು ಅಲ್ಲ, ನಾನು ಇಂಥೋನು' ಅಂತ ಸ್ವಂತ ಹೆಸರು ಹೇಳಿ ಏಳಲಿ. ನೀವೂ ಹಾಗೇ ಹೇಳಿ. ಆಮೇಲೆ ಕುಂಟೆಬಿಲ್ಲೆಯೋ ಕಳ್ಳಪೊಲೀಸೋ, ಮೈ ಕುಣಿಯೋ ಏನಾದರೂ ಎರಡು ನಿಮಿಷ. ರಾತ್ರಿ ಮಲಗೋ ಮುಂಚೆ ಈ ಆಟ ಬೇಡ.

ಚಾಕ್‌ಪೀಸ್_ಧೂಳು

ಚೀಟಿ ಬರೆಯೋಕೆ ಕೂತಿದ್ದೀನಿ. ಇನ್ನೊಂದೇ ಪ್ರಶ್ನೆ. ಕ್ಲಾಸಿನಲ್ಲಿ ನಾಲ್ಕೈದು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನೇ ಇಲ್ಲ, ಅವರು ಬೇಜಾರಾಗಿ ಕೂರ್ತಾರೆ. ಅವರಿಗೆ ಯಾವ ಪಾತ್ರ?

ಪರದೆ_ಹಿಂದೆ

ರಟ್ಟಿನ ಫೋನನ್ನ ಮೊದಲು ಅವರ ಕೈಗೇ ಕೊಡಿ. ಎಲ್ಲರಿಗೂ ಅದು ರಟ್ಟೇ ತಾನೇ.

ಧಾರವಾಡ_ಮಳಿ

ಮೇಡಂ, ಆ ಏಳು ಚೀಟಿ ಒಮ್ಮೆ ನಮ್ಮ ಕಡೆ ಭಾಷಾದಾಗ ಬರದು ಹಾಕ್ತೀನಿ, ಇಲ್ಲೇ. 'ಸಖತ್ ಬ್ರೋ' ಅಂದ್ರ ನಮ್ಮ ಹುಡುಗ್ರು ಓದಿದ ಕೂಡಲೆ 'ಇಂವ ಬೆಂಗಳೂರಾಂವ' ಅಂತ ಹುಷಾರಾಗಿಬಿಡ್ತಾರ.